ಮಾರಾಟ ಯಾರದು, ಕಮಿಷನ್ ಯಾರದು? ಆನ್‌ಲೈನ್ ಮಾರುಕಟ್ಟೆಯ ಆದಾಯದ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಉಪ್ಪಿನಕಾಯಿ, ಜೇನು, ಹಪ್ಪಳ, ಕಾಳುಮೆಣಸುಗಳನ್ನು ಆನ್‌ಲೈನ್‌ನಲ್ಲಿ ಮಾರಿಸುವ ಸಣ್ಣ ಸಂಸ್ಥೆಗಳವರು ವರ್ಷದ ಕೊನೆಗೆ ಲೆಕ್ಕಪತ್ರ ಮಾಡಿಸಲು ಶಿವಮೊಗ್ಗದ ನಮ್ಮ ಕಚೇರಿಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಟ್ಟಿದ್ದೇವೆ. ಉದಾಹರಣೆಗೆ ತೆಗೆದುಕೊಂಡಿರುವ ಸಾಗರದ ಜಾಲತಾಣ ಮತ್ತು ಅದರ ಅಂಕಿಗಳು ವಿವರಣೆಗಾಗಿ ಕಲ್ಪಿಸಿಕೊಂಡವು.

ಪ್ರಿನ್ಸಿಪಲ್ ಮತ್ತು ಏಜೆಂಟ್ ಎಂದರೆ ಯಾರು?

ಕಾಲೇಜಿನ ಪ್ರಿನ್ಸಿಪಾಲರಿಗೂ ಈ ಪದಕ್ಕೂ ಸಂಬಂಧವಿಲ್ಲ. ಲೆಕ್ಕಶಾಸ್ತ್ರದಲ್ಲಿ ಪ್ರಿನ್ಸಿಪಲ್ ಎಂದರೆ ತನ್ನ ಹಿಡಿತದಲ್ಲಿರುವ ಸರಕನ್ನು ತಾನೇ ಗ್ರಾಹಕನಿಗೆ ಒದಗಿಸುವವನು. ಏಜೆಂಟ್ ಎಂದರೆ ಇನ್ನೊಬ್ಬನ ಸರಕು ಗ್ರಾಹಕನನ್ನು ತಲುಪುವಂತೆ ಏರ್ಪಾಡು ಮಾಡಿಕೊಟ್ಟು, ಆ ಏರ್ಪಾಡಿಗೆ ಮಾತ್ರ ಪ್ರತಿಫಲ ಪಡೆಯುವವನು.

ಅಡಿಕೆಯ ಊರಿನವರಿಗೆ ಇದು ಹೊಸ ವಿಷಯವಲ್ಲ. ತೋಟದ ಯಜಮಾನರು ಒಣಗಿಸಿದ ರಾಶಿ ಅಡಿಕೆಯನ್ನು ಮಂಡಿಗೆ ತಂದು ಹಾಕುತ್ತಾರೆ. ಮಂಡಿಯವರು ಅದನ್ನು ಟೆಂಡರಿಗೆ ಇಟ್ಟು, ಖರೀದಿದಾರನಿಂದ ಹಣ ಪಡೆದು, ತಮ್ಮ ದಲಾಲಿಯನ್ನು ಮುರಿದುಕೊಂಡು ಉಳಿದದ್ದನ್ನು ಬೆಳೆಗಾರರಿಗೆ ಕೊಡುತ್ತಾರೆ. ಆ ದಿನ ಧಾರಣೆ ಕುಸಿದರೆ ನಷ್ಟ ಬೆಳೆಗಾರರದು, ಮಂಡಿಯವರದಲ್ಲ. ಖೇಣಿದಾರನ ಸಂಗತಿ ಬೇರೆ. ಅವನು ಮರದಲ್ಲಿರುವಾಗಲೇ ಫಸಲನ್ನು ಒಂದು ಮೊತ್ತಕ್ಕೆ ಹಿಡಿಯುತ್ತಾನೆ. ಕೊಳೆ ರೋಗ ಬಂದು ಕಾಯಿ ಉದುರಿದರೂ ಧಾರಣೆ ಇಳಿದರೂ ಆ ಹೊರೆ ಅವನದೇ, ಧಾರಣೆ ಏರಿದರೆ ಲಾಭವೂ ಅವನದೇ. ಮಂಡಿಯವರು ಏಜೆಂಟ್, ಖೇಣಿದಾರ ಪ್ರಿನ್ಸಿಪಲ್. ಆನ್‌ಲೈನ್ ಮಾರುಕಟ್ಟೆಯೊಂದು ಈ ಇಬ್ಬರಲ್ಲಿ ಯಾರನ್ನು ಹೋಲುತ್ತದೆ ಎಂಬುದೇ ಮುಂದಿನ ಎಲ್ಲ ಉತ್ತರಗಳ ತಿರುಳು.

ಈ ನಿಯಮ ಎಲ್ಲಿದೆ?

ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಮತ್ತು 250 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಿವ್ವಳ ಮೌಲ್ಯದ ಕಂಪನಿಗಳು ಇಂಡ್ ಎಎಸ್ 115 ಎಂಬ ಮಾನದಂಡವನ್ನು ಪಾಲಿಸಬೇಕು. ಇದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗ್ರಾಹಕನಿಗೆ ಹಸ್ತಾಂತರವಾಗುವ ಮೊದಲು ಸರಕಿನ ನಿಯಂತ್ರಣ ಯಾರ ಬಳಿ ಇತ್ತು ಎಂಬ ಪ್ರಶ್ನೆಯನ್ನು ಅದು ಕೇಂದ್ರದಲ್ಲಿಡುತ್ತದೆ.

ನಮ್ಮ ಭಾಗದ ಸಣ್ಣ ಕಂಪನಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದು ಹಳೆಯ ಎಎಸ್ 9. ಏಜೆನ್ಸಿ ಸಂಬಂಧದಲ್ಲಿ ಆದಾಯವೆಂದರೆ ಕಮಿಷನ್ನಿನ ಮೊತ್ತವೇ ಹೊರತು ಒಳಬಂದ ಒಟ್ಟು ಹಣವಲ್ಲ ಎಂದು ಅದು ಚುಟುಕಾಗಿ ಹೇಳುತ್ತದೆ. ಆದರೆ ಸಂಬಂಧವು ಏಜೆನ್ಸಿಯೇ ಅಲ್ಲವೇ ಎಂಬುದನ್ನು ಅಳೆಯುವ ವಿವರವಾದ ಕೋಲು ಅದರಲ್ಲಿಲ್ಲ. ಹಾಗಾಗಿ ಸಣ್ಣ ಸಂಸ್ಥೆಗಳ ವಿಷಯದಲ್ಲೂ ನಾವು ಇಂಡ್ ಎಎಸ್ 115ರ ತರ್ಕವನ್ನೇ ಹಿಡಿದು ಯೋಚಿಸುತ್ತೇವೆ.

ಒಂದು ಆರ್ಡರಿನ ಲೆಕ್ಕವನ್ನು ತೋರಿಸಬಹುದೇ?

ಸಾಗರದ ಒಂದು ಜಾಲತಾಣದಲ್ಲಿ ಹೊಸನಗರದ ಗೃಹಿಣಿಯೊಬ್ಬರು ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾರೆ ಎಂದುಕೊಳ್ಳಿ. ಒಂದು ಜಾಡಿಗೆ ಅವರು ಇಟ್ಟ ಬೆಲೆ 400 ರೂಪಾಯಿ, ಜಾಲತಾಣದ ಕಮಿಷನ್ ನೂರಕ್ಕೆ 15. ಜಿಎಸ್‌ಟಿಯನ್ನು ಸದ್ಯಕ್ಕೆ ಬದಿಗಿಡೋಣ. ಬೆಂಗಳೂರಿನ ಗ್ರಾಹಕರು 400 ರೂಪಾಯಿ ಪಾವತಿಸಿ, ಜಾಡಿ ಅವರ ಮನೆ ತಲುಪಿದ ಮೇಲೆ ಜಾಲತಾಣದ ಪುಸ್ತಕದಲ್ಲಿ ಒಟ್ಟಾರೆ ಹೀಗೆ ಕಾಣಬೇಕು:

ಬ್ಯಾಂಕ್ ಖಾತೆ, ಡೆಬಿಟ್: ₹400
ಮಾರಾಟಗಾರರಿಗೆ ಕೊಡಬೇಕಾದ ಬಾಕಿ, ಕ್ರೆಡಿಟ್: ₹340
ಕಮಿಷನ್ ಆದಾಯ, ಕ್ರೆಡಿಟ್: ₹60

ಲಾಭನಷ್ಟದ ಪಟ್ಟಿಗೆ ಹೋಗುವುದು 60 ರೂಪಾಯಿ ಮಾತ್ರ. 340 ರೂಪಾಯಿ ಆದಾಯವೂ ಅಲ್ಲ, ಅದನ್ನು ಹೊಸನಗರಕ್ಕೆ ಕಳಿಸಿದಾಗ ಖರ್ಚೂ ಅಲ್ಲ. ಅದು ಬಂದಾಗ ಸಾಲ, ಕೊಟ್ಟಾಗ ಸಾಲ ತೀರಿದಂತೆ. ಗ್ರಾಹಕರು ಮುಂಗಡ ಪಾವತಿಸಿ ಜಾಡಿ ಇನ್ನೂ ದಾರಿಯಲ್ಲಿದ್ದರೆ 60 ರೂಪಾಯಿಯನ್ನೂ ಆದಾಯವೆಂದು ಬರೆಯುವ ಆತುರ ಬೇಡ. ಆರ್ಡರ್ ರದ್ದಾದರೆ ಕಮಿಷನ್ ಕೈಬಿಡಬೇಕೆಂದು ಒಪ್ಪಂದದಲ್ಲಿದ್ದರೆ, ಸಾಮಾನ್ಯವಾಗಿ ವಿತರಣೆಯಾಗುವವರೆಗೆ ಕಾಯುವುದೇ ಸರಿ. ಜಾಡಿ ವಾಪಸಾಗಿ ಕಮಿಷನ್ ಹಿಂದಿರುಗಿಸಿದಾಗ ಆದಾಯದಲ್ಲೂ ಅಷ್ಟು ಕಡಿಮೆಯಾಗಬೇಕು.

ಆದರೆ 400 ರೂಪಾಯಿ ಪೂರ್ತಿ ನಮ್ಮ ಬ್ಯಾಂಕ್ ಖಾತೆಗೇ ಬಂದಿದೆಯಲ್ಲ?

ಹಣ ಯಾರ ಖಾತೆಯ ಮೂಲಕ ಹರಿಯಿತು ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಮಂಡಿಯ ಖಾತೆಗೂ ಅಡಿಕೆಯ ಪೂರ್ತಿ ಹಣ ಬರುತ್ತದೆ, ಹಾಗೆಂದು ಅಡಿಕೆ ಮಂಡಿಯವರದಾಗುವುದಿಲ್ಲ. ಗ್ರಾಹಕ ದುಡ್ಡು ಕೊಡದೆ ಹೋದರೆ ನಷ್ಟ ಯಾರದು ಎಂಬ ಸಾಲದ ಅಪಾಯವನ್ನು ಹಿಂದಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದು ಸೂಚಕವಾಗಿ ಪರಿಗಣಿಸಲಾಗುತ್ತಿತ್ತು. ಈಗಿನ ಸೂಚಕಗಳ ಪಟ್ಟಿಯಲ್ಲಿ ಅದಿಲ್ಲ.

ನಾವು ಕಂಡಂತೆ ಇಲ್ಲಿನ ತೊಂದರೆ ಲೆಕ್ಕದ್ದಷ್ಟೇ ಅಲ್ಲ. ತಿಂಗಳಿಗೆ ಸಾವಿರ ಜಾಡಿ ಮಾರಿದ ಸಂಸ್ಥೆಯ ಖಾತೆಯಲ್ಲಿ 4 ಲಕ್ಷ ರೂಪಾಯಿ ಕಾಣುತ್ತದೆ, ಅದರಲ್ಲಿ 3,40,000 ರೂಪಾಯಿ ಬೇರೆಯವರದು. ಅದನ್ನು ಮಾರಾಟವೆಂದು ಬರೆದುಕೊಂಡವರು ಅದನ್ನು ತಮ್ಮ ಹಣವೆಂದೇ ಬಗೆದು ಬಾಡಿಗೆಗೆ, ಜಾಹೀರಾತಿಗೆ ಬಳಸಿ, ಮಾರಾಟಗಾರರಿಗೆ ಪಾವತಿಸುವ ದಿನ ಕೈ ಬರಿದಾಗಿ ನಿಲ್ಲುತ್ತಾರೆ. ಆ ಮೊತ್ತಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು.

ನಿಯಂತ್ರಣ ಯಾರ ಬಳಿ ಇತ್ತು ಎಂದು ತಿಳಿಯುವುದು ಹೇಗೆ?

ಮಾನದಂಡವು ಮೂರು ಸೂಚಕಗಳನ್ನು ಕೊಡುತ್ತದೆ: ಗ್ರಾಹಕನಿಗೆ ಮಾತು ಕೊಟ್ಟಂತೆ ಸರಕು ಒದಗಿಸುವ ಮುಖ್ಯ ಹೊಣೆ ಯಾರದು, ದಾಸ್ತಾನಿನ ಅಪಾಯ ಯಾರದು, ಬೆಲೆ ನಿರ್ಧರಿಸುವ ಸ್ವಾತಂತ್ರ್ಯ ಯಾರದು. ಇವು ಮೂರೂ ನಿಯಂತ್ರಣ ಎಲ್ಲಿದೆ ಎಂದು ನೋಡಲು ನೆರವಾಗುತ್ತವೆ, ಅಷ್ಟೇ. ಮೂರರಲ್ಲಿ ಎರಡು ಸಿಕ್ಕಿದರೆ ಗೆದ್ದಂತೆ ಎಂದು ಅಂಕ ಹಾಕಿ ಎಣಿಸುವ ಆಟ ಇದಲ್ಲ.

ಸಣ್ಣ ಸಂಸ್ಥೆಗಳಲ್ಲಿ ಗೊಂದಲ ಹೆಚ್ಚಾಗಿ ಹುಟ್ಟುವುದು ದಾಸ್ತಾನಿನಿಂದ. ಜಾಲತಾಣದವರು ಬೇಗ ಕಳಿಸಲು ಅನುಕೂಲವಾಗಲಿ ಎಂದು ಮಾರಾಟಗಾರರ 200 ಜಾಡಿಗಳನ್ನು ತಮ್ಮ ಗೋದಾಮಿನಲ್ಲಿ ಇಟ್ಟುಕೊಂಡಿರುತ್ತಾರೆ ಎನ್ನಿ. ಸರಕು ತಮ್ಮ ಚಾವಣಿಯ ಕೆಳಗಿದೆ ಎಂದ ಮಾತ್ರಕ್ಕೆ ಅದು ತಮ್ಮದಾಗುವುದಿಲ್ಲ. ಕೇಳಬೇಕಾದ್ದು ಇದು: ಆರು ತಿಂಗಳು ಕಳೆದರೂ 80 ಜಾಡಿ ಮಾರಾಟವಾಗದೆ ಉಳಿದರೆ ಅವು ಯಾರ ತಲೆಗೆ ಬರುತ್ತವೆ? ಹೊಸನಗರಕ್ಕೆ ವಾಪಸು ಹೋಗುವುದಾದರೆ ದಾಸ್ತಾನಿನ ಅಪಾಯ ಮಾರಾಟಗಾರರದೇ. ಗೋದಾಮಿನಲ್ಲಿ ಜಾಡಿ ಒಡೆದರೆ ಜಾಲತಾಣದವರು ಪರಿಹಾರ ಕೊಡುತ್ತಾರೆ ಎಂಬ ಷರತ್ತು ಇರಬಹುದು. ಅದು ಕಾವಲುಗಾರನ ಹೊಣೆ, ಮಾಲೀಕನ ಅಪಾಯವಲ್ಲ.

ಕೆಲವರು ಖರೀದಿ ಬಿಲ್ಲನ್ನು ಮುಂದಿಟ್ಟು, ತಾವು ಕೊಂಡು ಮಾರುತ್ತಿದ್ದೇವೆ ಎನ್ನುತ್ತಾರೆ. ಬಿಲ್ಲಿನ ದಿನಾಂಕಗಳನ್ನು ಗ್ರಾಹಕರ ಆರ್ಡರಿನ ದಿನಾಂಕಗಳ ಪಕ್ಕದಲ್ಲಿಟ್ಟು ನೋಡಿದಾಗ, ಗ್ರಾಹಕರು ಆರ್ಡರ್ ಮಾಡಿದ ಮೇಲಷ್ಟೇ ಅಷ್ಟೇ ಜಾಡಿಗಳಿಗೆ ಖರೀದಿ ಬಿಲ್ಲು ಆಗಿರುವುದು, ಜಾಡಿ ಮಾರಾಟಗಾರರ ಮನೆಯಿಂದ ನೇರವಾಗಿ ಗ್ರಾಹಕರಿಗೆ ಹೋಗಿರುವುದು ಕಾಣಬಹುದು. ಒಡೆತನ ಕಾಗದದ ಮೇಲೆ ಒಂದು ಕ್ಷಣ ಜಾಲತಾಣಕ್ಕೆ ಬಂದು ಹೋಗಿದೆ ನಿಜ, ಆದರೆ ಅಂಥ ಕ್ಷಣಿಕ ಒಡೆತನದಿಂದಲೇ ನಿಯಂತ್ರಣ ಬಂದಂತಾಗುವುದಿಲ್ಲ ಎಂದು ಮಾನದಂಡವೇ ಸ್ಪಷ್ಟಪಡಿಸಿದೆ. ಮಾರಾಟವಾಗದಿದ್ದರೆ ಹಿಂದಿರುಗಿಸಬಹುದು ಎಂಬ ಷರತ್ತಿನ ಖರೀದಿಯೂ ಬಹುಪಾಲು ಇದೇ ಗುಂಪಿಗೆ ಸೇರುತ್ತದೆ.

ಹಾಗೆಂದು ಇಂಥ ಪ್ರತಿಯೊಂದು ವ್ಯವಹಾರವೂ ಏಜೆನ್ಸಿಯೇ ಎನ್ನಲಾಗದು. ಕೆಟ್ಟ ಜಾಡಿ ತಲುಪಿದಾಗ ಗ್ರಾಹಕರು ಜಾಲತಾಣದವರನ್ನೇ ಹಿಡಿಯುವಂತಿದ್ದು, ಮಾರಾಟಗಾರರ ಹೆಸರು ಗ್ರಾಹಕರಿಗೆ ಎಲ್ಲೂ ಕಾಣದೆ, ವಾಪಸು ಬಂದ ಜಾಡಿಯನ್ನು ಜಾಲತಾಣವೇ ನುಂಗಿಕೊಂಡು, ಆ ಜಾಡಿಯ ಬದಲು ಬೇರೆಯವರ ಜಾಡಿಯನ್ನು ಕಳಿಸುವ ಹಕ್ಕೂ ಅದಕ್ಕಿದ್ದರೆ, ಮೊದಲೇ ದಾಸ್ತಾನು ಮಾಡದಿದ್ದರೂ ಅದು ಪ್ರಿನ್ಸಿಪಲ್ ಆಗಿರಬಹುದು. ಇಂಥ ಗಡಿಯ ಪ್ರಕರಣಗಳಲ್ಲಿ ಇಬ್ಬರು ಲೆಕ್ಕಪರಿಶೋಧಕರಿಗೆ ಎರಡು ಅಭಿಪ್ರಾಯ ಇರುವುದುಂಟು. ಅದಕ್ಕಾಗಿಯೇ ತೀರ್ಮಾನದ ಕಾರಣಗಳನ್ನು ಆ ವರ್ಷವೇ ಬರೆದಿಡಬೇಕು.

ಬೆಲೆಯನ್ನು ನಾವೇ ನಿರ್ಧರಿಸಿದರೆ ನಾವು ಪ್ರಿನ್ಸಿಪಲ್ ಆಗುತ್ತೇವೆಯೇ?

ಅಷ್ಟರಿಂದಲೇ ಆಗುವುದಿಲ್ಲ. ಹೆಚ್ಚು ಗ್ರಾಹಕರನ್ನು ಸೆಳೆದು ಹೆಚ್ಚು ಕಮಿಷನ್ ಗಳಿಸಲು ಏಜೆಂಟನಿಗೂ ಬೆಲೆಯಲ್ಲಿ ಸ್ವಲ್ಪ ಸಡಿಲ ಇರಬಹುದು ಎಂದು ಮಾನದಂಡವೇ ಒಪ್ಪುತ್ತದೆ. ಮೂರು ಸೂಚಕಗಳಲ್ಲಿ ನಾವು ಕಡಿಮೆ ತೂಕ ಕೊಡುವುದು ಇದಕ್ಕೇ.

ಒಂದೇ ಜಾಲತಾಣ ಎರಡೂ ಆಗಿರಲು ಸಾಧ್ಯವೇ?

ಖಂಡಿತ ಸಾಧ್ಯ. ಪರೀಕ್ಷೆಯನ್ನು ಸಂಸ್ಥೆಗೆ ಒಟ್ಟಾಗಿ ಮಾಡುವುದಲ್ಲ, ಗ್ರಾಹಕನಿಗೆ ಒದಗಿಸುವ ಒಂದೊಂದು ಸರಕು, ಒಂದೊಂದು ಸೇವೆಗೂ ಬೇರೆ ಬೇರೆಯಾಗಿ ಮಾಡಬೇಕು. ಅಮೆಜಾನ್ ತಾನೇ ಕೊಂಡು ಮಾರುವ ಸರಕಿಗೆ ಪೂರ್ತಿ ಬೆಲೆಯನ್ನೂ, ಇತರ ಮಾರಾಟಗಾರರ ಸರಕಿಗೆ ತನ್ನ ಕಮಿಷನ್ ಮತ್ತು ಸೇವಾಶುಲ್ಕವನ್ನೂ ಆದಾಯವಾಗಿ ತೋರಿಸುತ್ತದೆ.

ನಮ್ಮ ಸಾಗರದ ಜಾಲತಾಣವು ತೀರ್ಥಹಳ್ಳಿಯ ಜೇನು ಕೃಷಿಕರಿಂದ 200 ಬಾಟಲಿ ಜೇನನ್ನು ತಲಾ 300 ರೂಪಾಯಿಗೆ ರೊಕ್ಕ ಕೊಟ್ಟು ಕೊಂಡಿತು, ವಾಪಸು ಮಾಡುವ ಮಾತೇ ಇಲ್ಲ. 140 ಬಾಟಲಿಗಳು ತಲಾ 420ಕ್ಕೆ ಮಾರಿಹೋದವು. ನೀರಿನಂಶ ಹೆಚ್ಚಿದ್ದ ಉಳಿದ 60 ಬಾಟಲಿ ಹುಳಿತು ನೊರೆಯೆದ್ದವು. ಆ 18,000 ರೂಪಾಯಿಯ ನಷ್ಟವನ್ನು ಜಾಲತಾಣವೇ ಹೊತ್ತಿತು. ಇಲ್ಲಿ ಅದು ಖೇಣಿದಾರನಂತೆ, ಆದ್ದರಿಂದ 58,800 ರೂಪಾಯಿಯೂ ಅದರ ಮಾರಾಟ. ಮಾರಿದ ಜೇನಿನ ವೆಚ್ಚ 42,000 ರೂಪಾಯಿ ಖರ್ಚಿನ ಕಡೆ ಬರುತ್ತದೆ, ಕೆಟ್ಟ ಜೇನು ನಷ್ಟವಾಗಿ ಬರುತ್ತದೆ.

ಗ್ರಾಹಕರಿಂದ ಪಡೆಯುವ ಸಾಗಣೆ ಶುಲ್ಕವನ್ನು ಹೇಗೆ ತೋರಿಸಬೇಕು?

ಉಪ್ಪಿನಕಾಯಿಯ ಪ್ರತಿ ಜಾಡಿಗೆ ಜಾಲತಾಣವು 50 ರೂಪಾಯಿ ಸಾಗಣೆ ಶುಲ್ಕ ಪಡೆದು, ಕೊರಿಯರ್‌ನವರಿಗೆ 45 ಕೊಡುತ್ತದೆ ಎನ್ನಿ. ಕೊರಿಯರ್ ಯಾರೆಂದು ಆರಿಸುವುದು ಜಾಲತಾಣ, ಜಾಡಿ ಬಾರದಿದ್ದರೆ ಗ್ರಾಹಕರಿಗೆ ಉತ್ತರಿಸಬೇಕಾದ್ದೂ ಜಾಲತಾಣ, ದರ ನಿಗದಿಯೂ ಅದರದೇ. ಹೀಗಿದ್ದರೆ ಸಾಗಣೆಯ ಸೇವೆಗೆ ಅದು ಪ್ರಿನ್ಸಿಪಲ್. 50 ರೂಪಾಯಿ ಆದಾಯ, 45 ರೂಪಾಯಿ ವೆಚ್ಚ. ಜಾಡಿಗೆ ಏಜೆಂಟ್, ಅದೇ ಜಾಡಿಯ ಸಾಗಣೆಗೆ ಪ್ರಿನ್ಸಿಪಲ್ ಎಂಬುದು ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಆದರೆ ಮಾರಾಟಗಾರರೇ ತಮ್ಮ ಹೊಣೆಯಲ್ಲಿ ಕೊರಿಯರ್ ಮಾಡಿ, ಜಾಲತಾಣವು ಶುಲ್ಕವನ್ನು ಅವರಿಗೆ ದಾಟಿಸುವುದಷ್ಟೇ ಆಗಿದ್ದರೆ, ಆ 50 ರೂಪಾಯಿಯೂ ಅದರ ಆದಾಯವಲ್ಲ.

ಆ ತಿಂಗಳ ಒಟ್ಟು ಲೆಕ್ಕ ಹೀಗಾಗುತ್ತದೆ. ಗ್ರಾಹಕರಿಂದ ಬಂದ ಹಣ: ಸಾವಿರ ಜಾಡಿಗೆ 4,00,000, ಸಾಗಣೆಗೆ 50,000, ಜೇನಿಗೆ 58,800, ಒಟ್ಟು 5,08,800 ರೂಪಾಯಿ. ಆದಾಯವಾಗಿ ತೋರಿಸಬೇಕಾದ್ದು: ಕಮಿಷನ್ 60,000, ಸಾಗಣೆ 50,000, ಜೇನು 58,800, ಒಟ್ಟು 1,68,800 ರೂಪಾಯಿ. ನಡುವಿನ ಅಂತರ 3,40,000 ರೂಪಾಯಿ ಮಾರಾಟಗಾರರಿಗೆ ಸೇರಿದ್ದು. ಜೇನಿನ ಸಾಗಣೆಯನ್ನು ಲೆಕ್ಕದ ಸುಲಭಕ್ಕಾಗಿ ಬಿಟ್ಟಿದ್ದೇವೆ.

ದಸರಾ ಕೂಪನ್ ಕೊಟ್ಟು ನಾವೇ 40 ರೂಪಾಯಿ ಭರಿಸಿದರೆ?

ಗ್ರಾಹಕರು 360 ಕೊಟ್ಟರು, ಮಾರಾಟಗಾರರಿಗೆ 340 ಕೊಡಲೇಬೇಕು, ಜಾಲತಾಣದ ಕೈಯಲ್ಲಿ ಉಳಿದದ್ದು 20. ಆದಾಯ 60, ಪ್ರಚಾರ ವೆಚ್ಚ 40 ಎನ್ನಬೇಕೇ, ಅಥವಾ ಆದಾಯವೇ 20 ಎನ್ನಬೇಕೇ? ಇದಕ್ಕೆ ಉತ್ತರ ಜಾಲತಾಣದ ಗ್ರಾಹಕ ಯಾರು ಎಂಬುದನ್ನು ಅವಲಂಬಿಸಿದೆ. ಅದು ಸೇವೆ ಕೊಡುವುದು ಮಾರಾಟಗಾರರಿಗೆ ಮಾತ್ರ ಆಗಿದ್ದು, ಕೂಪನ್ ಅದರ ಸ್ವಂತ ಪ್ರಚಾರವಾಗಿದ್ದರೆ ಮೊದಲನೆಯ ರೀತಿಗೆ ಆಧಾರವಿದೆ. ಕೂಪನ್ ಕೊಡುತ್ತೇವೆಂದು ಮಾರಾಟಗಾರರಿಗೆ ಮಾತು ಕೊಟ್ಟಿದ್ದರೆ ಅದು ಅವರ ಪರವಾಗಿ ಕೊಟ್ಟ ರಿಯಾಯಿತಿಯಾಗುತ್ತದೆ, ಆಗ ಕಮಿಷನ್ನಿನಿಂದ ಕಳೆಯಬೇಕು. ಸಾಗಣೆಗೋ ಸೌಲಭ್ಯಕ್ಕೋ ಕೊಳ್ಳುವವರಿಂದಲೂ ಶುಲ್ಕ ಪಡೆಯುತ್ತಿದ್ದರೆ ಅವರೂ ಜಾಲತಾಣದ ಗ್ರಾಹಕರೇ, ಆಗಲೂ ರಿಯಾಯಿತಿಯನ್ನು ಆದಾಯದಿಂದ ಕಳೆಯುವ ಕಡೆಗೇ ವಾದ ವಾಲುತ್ತದೆ. ನಮ್ಮ ಉದಾಹರಣೆಯಲ್ಲಿ ಸಾಗಣೆ ಶುಲ್ಕ ಇರುವುದರಿಂದ ನಾವಾದರೆ ಕಳೆದೇ ತೋರಿಸುತ್ತೇವೆ.

ಹೇಗೆ ಬರೆದರೂ ಲಾಭ ಅಷ್ಟೇ ಇರುವಾಗ ಇಷ್ಟೊಂದು ಚರ್ಚೆ ಏಕೆ?

ಉಪ್ಪಿನಕಾಯಿಯ ಮಟ್ಟಿಗೆ ಲಾಭ ಎರಡೂ ರೀತಿಯಲ್ಲಿ 60,000 ರೂಪಾಯಿಯೇ. ಆದರೆ ಸಾಲ ಕೊಡುವ ಬ್ಯಾಂಕು, ಹಣ ಹೂಡುವವರು, ಸಂಸ್ಥೆಯನ್ನು ಕೊಳ್ಳಲು ಬಂದವರು ಮೊದಲು ನೋಡುವುದು ಆದಾಯದ ಸಾಲನ್ನೇ. ಅಲ್ಲಿ 4 ಲಕ್ಷ ಕಂಡವರಿಗೆ ಸಂಸ್ಥೆಯ ಗಾತ್ರ ಆರೂವರೆ ಪಟ್ಟಿಗೂ ಹೆಚ್ಚಾಗಿ ಕಾಣುತ್ತದೆ.

ಅಮೆರಿಕದ ಗ್ರೂಪಾನ್ ಕಂಪನಿ 2011ರಲ್ಲಿ ಷೇರು ಮಾರಾಟಕ್ಕೆ ಸಿದ್ಧವಾಗುತ್ತಿದ್ದಾಗ, ಕೂಪನ್ ಕೊಂಡವರು ಕೊಟ್ಟ ಪೂರ್ತಿ ಹಣವನ್ನು ಆದಾಯವೆಂದು ತೋರಿಸಿತ್ತು. ಅದರಲ್ಲಿ ದೊಡ್ಡ ಪಾಲು ಅಂಗಡಿಗಳಿಗೆ ಹೋಗುವಂಥದ್ದು. ಕೊನೆಗೆ ಲೆಕ್ಕವನ್ನು ತಿದ್ದಿ ತನ್ನ ಪಾಲನ್ನಷ್ಟೇ ತೋರಿಸಬೇಕಾಗಿ ಬಂದಾಗ, 2010ರ ಆದಾಯ ಸುಮಾರು 71 ಕೋಟಿ ಡಾಲರಿನಿಂದ ಸುಮಾರು 31 ಕೋಟಿ ಡಾಲರಿಗೆ ಇಳಿಯಿತು. ವ್ಯವಹಾರದಲ್ಲಿ ಒಂದು ಕೂಪನ್ ಕೂಡ ಕಡಿಮೆಯಾಗಿರಲಿಲ್ಲ.

ತಿರುಗುಮುರುಗಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಬ್ಲಿಂಕಿಟ್‌ನ ಒಡೆತನ ಹೊಂದಿರುವ ಎಟರ್ನಲ್ ಕಂಪನಿ 2025ರಲ್ಲಿ ಇತರರ ಸರಕು ಮಾರಿಸುವ ಪದ್ಧತಿಯಿಂದ ತಾನೇ ದಾಸ್ತಾನು ಕೊಂಡು ಮಾರುವ ಪದ್ಧತಿಗೆ ಹೊರಳಿತು. ವಿದೇಶಿ ಬಂಡವಾಳದ ನಿಯಮಗಳು ದಾಸ್ತಾನು ಮಾದರಿಗೆ ಅಡ್ಡಿಯಾಗುವುದರಿಂದ ಮೊದಲು ವಿದೇಶಿ ಒಡೆತನಕ್ಕೆ ಶೇ. 49.5ರ ಮಿತಿ ಹಾಕಿಕೊಂಡಿತು. ಆಮೇಲೆ ಅದರ ಆದಾಯ ಆರ್ಡರುಗಳ ಮೌಲ್ಯಕ್ಕಿಂತ ಬಹಳ ವೇಗವಾಗಿ ಏರಿದಂತೆ ಕಂಡಿತು, ಏಕೆಂದರೆ ಮೊದಲು ಕಮಿಷನ್ ಇದ್ದ ಜಾಗದಲ್ಲಿ ಈಗ ಪೂರ್ತಿ ಬೆಲೆ ಕೂತಿತ್ತು. ಹಾಗಾಗಿ ಇಂಥ ಕಂಪನಿಗಳನ್ನು ಹೋಲಿಸುವವರು ಆದಾಯದ ಜೊತೆಗೆ ಒಟ್ಟು ಆರ್ಡರ್ ಮೌಲ್ಯವನ್ನೂ ನೋಡಬೇಕು. ಆ ಮೌಲ್ಯವನ್ನು ವರದಿಯಲ್ಲಿ ಬೇರೆಯಾಗಿ ಹೇಳುವುದಕ್ಕೆ ಅಡ್ಡಿಯಿಲ್ಲ, ಅದನ್ನು ಆದಾಯವೆಂದು ಕರೆಯಬಾರದು ಅಷ್ಟೇ.

ಆದಾಯ ತೆರಿಗೆಯ ಆಡಿಟ್ ಮಿತಿಗೆ ಯಾವ ಮೊತ್ತ ಲೆಕ್ಕಕ್ಕೆ ಬರುತ್ತದೆ?

ಇಲ್ಲೂ ಮಂಡಿಯೇ ದಾರಿ ತೋರಿಸಿದೆ. ಕೇಂದ್ರ ನೇರ ತೆರಿಗೆ ಮಂಡಳಿಯು 1986ರ ಮಾರ್ಚ್ 17ರ 452ನೇ ಸುತ್ತೋಲೆಯಲ್ಲಿ ಕಚ್ಚಾ ಅಡತಿ ಮತ್ತು ಪಕ್ಕಾ ಅಡತಿ ಎಂಬ ಭೇದವನ್ನು ಮಾಡಿತು. ಕಮಿಷನ್ ಮಾತ್ರ ಪಡೆದು ಇತರರ ಪರವಾಗಿ ಮಾರುವ ಕಚ್ಚಾ ಅಡತಿಯವರ ವಹಿವಾಟಿಗೆ ಕಮಿಷನ್ ಮಾತ್ರ ಸೇರುತ್ತದೆ. ಲಾಭನಷ್ಟವನ್ನು ತಾವೇ ಹೊರುವ ಪಕ್ಕಾ ಅಡತಿಯವರಿಗೆ ಪೂರ್ತಿ ಮಾರಾಟದ ಮೊತ್ತ ಸೇರುತ್ತದೆ. ಜಾಲತಾಣಕ್ಕೂ ಇದೇ ತರ್ಕ ಹೊಂದುತ್ತದೆ.

ಜಿಎಸ್‌ಟಿ ರಿಟರ್ನ್‌ನಲ್ಲಿ ಒಂದು ಮೊತ್ತ, ಲೆಕ್ಕಪತ್ರದಲ್ಲಿ ಇನ್ನೊಂದು ಇದ್ದರೆ ನೋಟಿಸ್ ಬರುವುದಿಲ್ಲವೇ?

ಬರಬಹುದು, ಆದರೆ ಉತ್ತರ ಸಿದ್ಧವಿರಬೇಕು. ತಾನು ಹಣ ವಸೂಲು ಮಾಡುವ ಜಾಲತಾಣವು ಮಾರಾಟಗಾರರ ತೆರಿಗೆಯೋಗ್ಯ ಮಾರಾಟದ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನು ಅವರ ಪಾವತಿಯಿಂದ ಹಿಡಿದು ಜಿಎಸ್‌ಟಿಆರ್-8 ಎಂಬ ರಿಟರ್ನ್‌ನಲ್ಲಿ ತೋರಿಸಬೇಕು. 2024ರ ಜುಲೈ 10ರಿಂದ ಇದರ ದರ ಶೇ. 0.5. ನಮ್ಮ ಜಾಡಿಯಲ್ಲಿ ಅದು 2 ರೂಪಾಯಿ. ಜಾಲತಾಣವು ತನ್ನದೇ ಸೇವೆಯೆಂದು ಮಾರಾಟಗಾರರಿಗೆ ಬಿಲ್ ಮಾಡುವುದು 60 ರೂಪಾಯಿ ಕಮಿಷನ್ ಮತ್ತು ಅದರ ಮೇಲೆ ಶೇ. 18ರಂತೆ 10.80 ರೂಪಾಯಿ ತೆರಿಗೆ. ಹೀಗೆ ಜಿಎಸ್‌ಟಿಆರ್-8ರಲ್ಲಿ 400, ತನ್ನ ಸ್ವಂತ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-1ರಲ್ಲಿ 60 ಕಾಣುವುದು ಸಹಜ. ಎರಡನ್ನೂ ಹೊಂದಿಸುವ ಪಟ್ಟಿಯನ್ನು ಪ್ರತಿ ತಿಂಗಳೂ ಮಾಡಿಟ್ಟುಕೊಳ್ಳಿ.

ಜಿಎಸ್‌ಟಿ ಕಟ್ಟುವವರೇ ಪ್ರಿನ್ಸಿಪಲ್ ಎಂಬ ಊಹೆಯೂ ತಪ್ಪು. 2022ರ ಜನವರಿ 1ರಿಂದ ಆ್ಯಪ್ ಮೂಲಕ ತರಿಸುವ ಹೋಟೆಲ್ ಊಟಕ್ಕೆ ಬಹುತೇಕ ಆ್ಯಪ್‌ನವರೇ ತೆರಿಗೆ ಕಟ್ಟುತ್ತಾರೆ. ಅದು ತೆರಿಗೆ ವಸೂಲಿಯ ಅನುಕೂಲಕ್ಕಾಗಿ ಕಾನೂನು ಮಾಡಿದ ಏರ್ಪಾಡು. ಅಡುಗೆ ಮಾಡಿದ್ದು ಹೋಟೆಲೇ, ಮಾರಾಟವೂ ಹೋಟೆಲಿನದೇ.

ಪೂರ್ತಿ ಮಾರಾಟವನ್ನು ತಪ್ಪಾಗಿ ತೋರಿಸಿದ್ದಾರೆಂದು ಲೆಕ್ಕಪತ್ರ ನೋಡಿಯೇ ಹೇಳಬಹುದೇ?

ಹಲವು ಸಲ ಹೇಳಬಹುದು. ಕೋಟಿಗಟ್ಟಲೆ ಮಾರಾಟವಿದ್ದೂ ವರ್ಷದ ಕೊನೆಗೆ ದಾಸ್ತಾನು ಸೊನ್ನೆ ಇದ್ದರೆ ಮೊದಲ ಅನುಮಾನ ಬರುತ್ತದೆ. ನಿಜವಾದ ವ್ಯಾಪಾರದಲ್ಲಿ ಲಾಭದ ಅಂಶ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಇಲ್ಲಿ ಖರೀದಿಯು ಹನ್ನೆರಡು ತಿಂಗಳೂ ಮಾರಾಟದ ಸರಿಯಾಗಿ ಶೇ. 85 ಇದ್ದರೆ ಅದು ಖರೀದಿಯಲ್ಲ, ಕಮಿಷನ್ ಕಳೆದ ಪಾವತಿ. ಹಾಳಾದ ಸರಕಿನ ನಷ್ಟ ಎಲ್ಲೂ ಬರೆಯದಿರುವುದು ಮೂರನೆಯ ಗುರುತು. ಆಮೇಲೆ ಗ್ರಾಹಕರಿಗೆ ಹೋದ ನಾಲ್ಕು ಬಿಲ್ಲುಗಳನ್ನು ತರಿಸಿ, ಮಾರಾಟಗಾರರ ಜಾಗದಲ್ಲಿ ಯಾರ ಜಿಎಸ್‌ಟಿ ನೋಂದಣಿ ಸಂಖ್ಯೆ ಇದೆ ಎಂದು ನೋಡುತ್ತೇವೆ. ಅದು ಹೊಸನಗರದ ಗೃಹಿಣಿಯದಾಗಿದ್ದರೆ, ಒಪ್ಪಂದದಲ್ಲಿ ವಾಪಸಾದ ಜಾಡಿಯ ಷರತ್ತು ಏನಿದೆ ಎಂದು ಓದುವ ಹೊತ್ತಿಗೆ ಸಾಮಾನ್ಯವಾಗಿ ಉತ್ತರ ಸಿಕ್ಕಿರುತ್ತದೆ.